ಹುಡುಕಿದರೆ ಸಿಕ್ಕೇ ಸಿಗುವ ಸಂಬಂಧಗಳು

1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಫ್ರೀಡ್‌ಮನ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅದರಲ್ಲಿದ್ದ ಪ್ರಯೋಗಕ್ಕೆ ರೋಗಿಗಳೂ ಬೇಕಿರಲಿಲ್ಲ, ಪ್ರಯೋಗಾಲಯವೂ ಬೇಕಿರಲಿಲ್ಲ. ಕಂಪ್ಯೂಟರಿನಿಂದ 100 ಸಾಲು, 51 ಕಾಲಂಗಳ ಒಂದು ಕೋಷ್ಟಕವನ್ನು ತುಂಬಿಸಿದರು. ಒಟ್ಟು 5,100 ಅಂಕಿಗಳು. ಎಲ್ಲವೂ ದಾಳ ಉರುಳಿಸಿದಂತೆ ತಂತಾನೇ ಬಿದ್ದವು. ಒಂದಕ್ಕೂ ಇನ್ನೊಂದಕ್ಕೂ ಯಾವ ನಂಟೂ ಇಲ್ಲ. ಕೊನೆಯ ಕಾಲಮ್ಮನ್ನು ‘ಫಲ’ ಎಂದು ಕರೆದು, ಉಳಿದ 50 ಕಾಲಂಗಳನ್ನು ಆ ಫಲದ ‘ಕಾರಣ’ಗಳೆಂದು ಭಾವಿಸಿ, ಯಾವ ಕಾರಣದಿಂದ ಫಲವನ್ನು ಊಹಿಸಬಹುದು ಎಂದು ಲೆಕ್ಕ ಹಾಕಿದರು.

ಸರಿಯಾದ ಉತ್ತರ ‘ಯಾವುದರಿಂದಲೂ ಇಲ್ಲ’ ಎಂದೇ ಬರಬೇಕು. ಆದರೆ ಎರಡೇ ಹೆಜ್ಜೆಗಳಲ್ಲಿ ಬಂದ ಉತ್ತರ ಬೇರೆಯಾಗಿತ್ತು: ಆರು ಕಾರಣಗಳು ಗಮನಾರ್ಹ, ಇಡೀ ಸಮೀಕರಣವಂತೂ ಬಲು ಗಟ್ಟಿ, ಇದು ಬರೀ ಆಕಸ್ಮಿಕವಾಗಿದ್ದರೆ ಹತ್ತು ಸಾವಿರಕ್ಕೆ ಐದು ಸಲ ಮಾತ್ರ ಹೀಗಾದೀತು. ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಹಾಗಿದ್ದರೆ ತಪ್ಪಿದ್ದೆಲ್ಲಿ?

ಅದನ್ನು ತಿಳಿಯಲು ಇನ್ನೂ ಅರವತ್ತು ವರ್ಷ ಹಿಂದಕ್ಕೆ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಚಹಾದ ಮೇಜಿನ ಬಳಿಗೆ ಹೋಗಬೇಕು. ಅಲ್ಲಿ ಕೆಲಸ ಮಾಡುತ್ತಿದ್ದ ಪಾಚಿ ತಜ್ಞೆ ಮ್ಯುರಿಯಲ್ ಬ್ರಿಸ್ಟಲ್, ಕಪ್ಪಿಗೆ ಮೊದಲು ಹಾಲು ಬಿದ್ದಿದೆಯೋ ಡಿಕಾಕ್ಷನ್ ಬಿದ್ದಿದೆಯೋ ಎಂಬುದನ್ನು ರುಚಿ ನೋಡಿಯೇ ಹೇಳಬಲ್ಲೆ ಎನ್ನುತ್ತಿದ್ದರು. ಅದೇ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ ಈ ಮಾತನ್ನು ಪರೀಕ್ಷಿಸುವ ಬಗೆಯನ್ನು ಮುಂದೆ 1935ರಲ್ಲಿ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಎಂಟು ಕಪ್ಪು ಚಹಾ. ನಾಲ್ಕಕ್ಕೆ ಮೊದಲು ಹಾಲು, ನಾಲ್ಕಕ್ಕೆ ಮೊದಲು ಡಿಕಾಕ್ಷನ್. ಕಪ್ಪುಗಳನ್ನು ಕಲಸಿ ಇಟ್ಟು, ಹಾಲು ಮೊದಲು ಬಿದ್ದ ನಾಲ್ಕನ್ನು ಆರಿಸಿಕೊಡಿ ಎಂದು ಕೇಳುವುದು.

ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ, ಸರಿಯಾದದ್ದು ಒಂದೇ. ನಾಲಿಗೆಗೆ ಏನೂ ತಿಳಿಯದವರು ಕಣ್ಣುಮುಚ್ಚಿ ಆರಿಸಿದರೂ 70ಕ್ಕೆ ಒಂದು ಸಲ, ಅಂದರೆ ಶೇ 1.4ರಷ್ಟು ಸಲ, ಎಲ್ಲವೂ ಸರಿಯಾಗುತ್ತದೆ. ಈ 0.014 ಎಂಬ ಅಂಕಿಯೇ ಪಿ-ಮೌಲ್ಯ. ‘ಇವರಿಗೆ ಯಾವ ವಿಶೇಷ ಶಕ್ತಿಯೂ ಇಲ್ಲ’ ಎಂಬ ಊಹೆಯಿಂದ ಹೊರಡುತ್ತೇವೆ. ಅದಕ್ಕೆ ಶೂನ್ಯ ಊಹೆ ಎಂದು ಹೆಸರು. ಆ ಊಹೆ ನಿಜವೇ ಆಗಿದ್ದರೆ ಇಷ್ಟು ಒಳ್ಳೆಯ ಫಲಿತಾಂಶ ಎಷ್ಟು ಸಲ ಬಂದೀತು ಎಂಬುದನ್ನು ಪಿ-ಮೌಲ್ಯ ಹೇಳುತ್ತದೆ. ಅದು ಅಷ್ಟನ್ನು ಮಾತ್ರ ಹೇಳುತ್ತದೆ. ‘ಅವರಿಗೆ ಶಕ್ತಿ ಇರುವ ಸಾಧ್ಯತೆ ಶೇ 98.6’ ಎಂದು ಹೇಳುವುದಿಲ್ಲ, ಆದರೂ ವೈದ್ಯರಿಂದ ಪತ್ರಕರ್ತರವರೆಗೆ ಹಲವರು ಹಾಗೆಯೇ ಓದುತ್ತಾರೆ. ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶವನ್ನು ‘ಗಮನಾರ್ಹ’ ಎನ್ನುವ ರೂಢಿಯೂ ಫಿಶರ್ ಕಾಲದ್ದೇ. ಇಪ್ಪತ್ತಕ್ಕೆ ಒಂದು ಎಂಬ ಆ ಗೆರೆ ಪ್ರಕೃತಿ ಎಳೆದದ್ದಲ್ಲ, ಅನುಕೂಲಕ್ಕೆಂದು ಎಳೆದುಕೊಂಡದ್ದು.

ಈಗ ಚಹಾದ ಮೇಜನ್ನು ಸ್ವಲ್ಪ ದೊಡ್ಡದು ಮಾಡೋಣ. ಒಬ್ಬರ ಬದಲು 50 ಜನರನ್ನು ಕೂರಿಸಿದೆವು. ಒಬ್ಬರಿಗೂ ರುಚಿಯ ಯಾವ ಜಾಣ್ಮೆಯೂ ಇಲ್ಲ. ಅವರಲ್ಲಿ ಕನಿಷ್ಠ ಒಬ್ಬರಾದರೂ ಎಂಟಕ್ಕೆ ಎಂಟೂ ಸರಿ ಹೇಳುವ ಸಾಧ್ಯತೆ ಎಷ್ಟು? ಲೆಕ್ಕ ಹಾಕಿದರೆ ಶೇ 51. ಅಂಥ ಒಬ್ಬರು ಸಿಕ್ಕರೆಂದು ಅವರ ಫೋಟೋ ಹಾಕಿ, ಪಕ್ಕದಲ್ಲಿ ‘ಪಿ = 0.014’ ಎಂದು ಬರೆದರೆ, ಆ ಅಂಕಿ ಸುಳ್ಳಲ್ಲ. ಸೋತು ಮನೆಗೆ ಹೋದ 49 ಜನರ ವಿಷಯವನ್ನು ಮುಚ್ಚಿಟ್ಟದ್ದೇ ಮೋಸ.

ಫ್ರೀಡ್‌ಮನ್ ಅವರ 50 ಕಾಲಂಗಳು ಈ 50 ಜನರಂತೆಯೇ. ಮೊದಲ ಸುತ್ತಿನಲ್ಲಿ ಎಲ್ಲ 50 ಕಾರಣಗಳನ್ನೂ ಒಂದೇ ಸಮೀಕರಣಕ್ಕೆ ಹಾಕಿದಾಗ ಅದರ ಒಟ್ಟಾರೆ ಪಿ-ಮೌಲ್ಯ 0.53 ಬಂತು. ಅಂದರೆ ಇಲ್ಲಿ ಏನೂ ಇಲ್ಲ ಎಂದು ಪರೀಕ್ಷೆ ಪ್ರಾಮಾಣಿಕವಾಗಿಯೇ ಹೇಳಿತು. 0.05ರ ಗೆರೆ ದಾಟಿದ್ದು ಒಂದೇ ಕಾಲಂ. ಇಲ್ಲಿಗೇ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅಂಕಿ-ಅಂಶದ ಕೆಲಸ ಮಾಡುವವರು ಇಲ್ಲಿಗೆ ನಿಲ್ಲಿಸುವುದಿಲ್ಲ ಎಂದು ಫ್ರೀಡ್‌ಮನ್‌ಗೆ ಗೊತ್ತಿತ್ತು. ಕೆಲಸಕ್ಕೆ ಬಾರದ ಕಾಲಂಗಳನ್ನು ತೆಗೆದುಹಾಕಿ, ಉಳಿದದ್ದನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಮಾಡುವುದು ಎಲ್ಲರ ಅಭ್ಯಾಸ. ಹಾಗೆಯೇ ಮಾಡಿದರು. ಸಡಿಲವಾದ ಜರಡಿ ಹಿಡಿದು, ಪಿ-ಮೌಲ್ಯ 0.25ಕ್ಕಿಂತ ಕಡಿಮೆ ಇರುವ ಕಾಲಂಗಳನ್ನು ಉಳಿಸಿಕೊಂಡರು. 15 ಕಾಲಂಗಳು ಉಳಿದವು. ಬರೀ ಆಕಸ್ಮಿಕದಿಂದಲೇ ಹನ್ನೆರಡು-ಹದಿಮೂರು ಉಳಿಯಬೇಕು, ಹಾಗಾಗಿ ಇದರಲ್ಲಿ ಅಚ್ಚರಿಯೇನಿಲ್ಲ.

ಎರಡನೆಯ ಸುತ್ತಿನಲ್ಲಿ ಆ 15 ಕಾಲಂಗಳನ್ನು, ಅದೇ 100 ಸಾಲುಗಳ ಮೇಲೆ, ಮತ್ತೆ ಸಮೀಕರಣಕ್ಕೆ ಹಾಕಿದರು. ಈಗ ಒಟ್ಟಾರೆ ಪಿ-ಮೌಲ್ಯ 0.53ರಿಂದ 0.0005ಕ್ಕೆ ಇಳಿಯಿತು. ಫಲದ ಏರಿಳಿತದಲ್ಲಿ ಶೇ 36ರಷ್ಟನ್ನು ಸಮೀಕರಣ ‘ವಿವರಿಸಿತು’. 15ರಲ್ಲಿ ಒಂದೂ ದಾಟದಿರುವುದೇ ಸಹಜ ಎನ್ನಬಹುದಾದ 0.05ರ ಗೆರೆಯನ್ನು ಆರು ಕಾಲಂಗಳು ದಾಟಿದವು.

ಪರೀಕ್ಷೆ ಏನು ಕೇಳುತ್ತದೆ ಎಂಬುದನ್ನು ನೆನಪಿಸಿಕೊಂಡರೆ ಗುಟ್ಟು ತಿಳಿಯುತ್ತದೆ. ‘ಕಣ್ಣುಮುಚ್ಚಿ ಆರಿಸಿದ 15 ಕಾಲಂಗಳು ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಎಷ್ಟು ಅಪರೂಪ?’ ಎಂಬುದಕ್ಕೆ ಅದು ಉತ್ತರ ಕೊಟ್ಟಿತು. ಆದರೆ ಈ 15ನ್ನು ಆರಿಸಿದ್ದು ಫಲವನ್ನು ನೋಡಿಯೇ, ಅದಕ್ಕೆ ಹೊಂದಿಕೊಂಡಿವೆ ಎಂಬ ಕಾರಣಕ್ಕೇ. ಅದು ಕಂಪ್ಯೂಟರಿಗೆ ಗೊತ್ತಿಲ್ಲ. ಮೊದಲ ಸುತ್ತಿನಲ್ಲಿ ಗೆದ್ದ ಚಹಾಪ್ರಿಯರನ್ನು ಎರಡನೆಯ ಸುತ್ತಿಗೆ ಕರೆದು, ಹೊಸ ಚಹಾ ಮಾಡದೆ, ಅವರ ಹಳೆಯ ಉತ್ತರಪತ್ರಿಕೆಯನ್ನೇ ಮತ್ತೆ ತಿದ್ದಿ ಅಂಕ ಕೊಟ್ಟಂತಾಯಿತು ಇದು.

ಇದನ್ನು ಸ್ವತಃ ನೋಡಬಯಸುವವರಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು. `A1`ರಿಂದ `AY100`ರವರೆಗೆ `=RAND()` ತುಂಬಿಸಿದರೆ 100 ಸಾಲು, 51 ಕಾಲಂ ಸಿದ್ಧ. `A102`ರಲ್ಲಿ ಈ ಸೂತ್ರ ಬರೆದು `AX102`ರವರೆಗೆ ಎಳೆಯಬೇಕು:

```
=CORREL(A1:A100,$AY$1:$AY$100)
```

100 ಸಾಲುಗಳಿರುವಾಗ 0.197ಕ್ಕಿಂತ ಹೆಚ್ಚಿನ ಅಥವಾ ಮೈನಸ್ 0.197ಕ್ಕಿಂತ ಕಡಿಮೆಯ ಅಂಕಿ ಬಂದರೆ ಅದು 0.05ರ ಗೆರೆ ದಾಟಿತೆಂದು ಅರ್ಥ. 50ರಲ್ಲಿ ಸರಾಸರಿ ಎರಡು-ಮೂರು ದಾಟುತ್ತವೆ. ಒಂದಾದರೂ ದಾಟುವ ಸಾಧ್ಯತೆ ಶೇ 92. ದಾಟಿದ ಕಾಲಂಗಳನ್ನು ಗುರುತು ಹಾಕಿಕೊಂಡು `F9` ಒತ್ತಿದರೆ ಅಂಕಿಗಳೆಲ್ಲ ಹೊಸದಾಗುತ್ತವೆ. ಆಗ ಗೆದ್ದಿದ್ದ ಕಾಲಂಗಳು ಸಾಮಾನ್ಯವಾಗಿ ಗುಂಪಿನಲ್ಲಿ ಕಳೆದುಹೋಗಿರುತ್ತವೆ, ಬೇರೆ ಯಾವುವೋ ತಲೆ ಎತ್ತಿರುತ್ತವೆ. `F9` ಎಂದರೆ ಹೊಸ ಚಹಾ.

ನಿಜವಾದ ಕೆಲಸದಲ್ಲಿ ಅಷ್ಟು ಸುಲಭಕ್ಕೆ ಒತ್ತುವ `F9` ಸಿಗುವುದಿಲ್ಲ. ಕ್ಯಾನ್ಸರ್ ರೋಗಿಗಳ ಅಂಗಾಂಶದ ಮಾದರಿಗಳು ಕೆಲವೇ ಡಜನ್ ಇರುತ್ತವೆ, ಅಳೆದ ಜೀನ್‌ಗಳು ಸಾವಿರಾರು. ಆದ್ದರಿಂದ ಇರುವ ಡೇಟಾವನ್ನೇ ಭಾಗ ಮಾಡಿ, ಒಂದು ಭಾಗದಲ್ಲಿ ಮಾಡೆಲ್ ಕಲಿಸಿ, ಇನ್ನೊಂದರಲ್ಲಿ ಪರೀಕ್ಷಿಸುತ್ತಾರೆ. ಫ್ರೀಡ್‌ಮನ್ ತೋರಿಸಿದ ಗುಂಡಿ ಇಲ್ಲೂ ಇದೆ. ಕ್ರಿಸ್ಟೋಫ್ ಆಂಬ್ರಾಸ್ ಮತ್ತು ಜೆಫ್ರಿ ಮೆಕ್‌ಲಾಕ್ಲನ್ 2002ರಲ್ಲಿ ಜೀನ್ ಅಧ್ಯಯನಗಳ ಕುರಿತು ಇದನ್ನೇ ಎತ್ತಿ ತೋರಿಸಿದರು. ಎಲ್ಲ ಮಾದರಿಗಳನ್ನೂ ನೋಡಿ ಒಳ್ಳೆಯ ಜೀನ್‌ಗಳನ್ನು ಮೊದಲೇ ಆರಿಸಿಕೊಂಡು, ಆಮೇಲೆ ಡೇಟಾವನ್ನು ಭಾಗ ಮಾಡಿ ಪರೀಕ್ಷಿಸಿದರೆ ಮಾಡೆಲ್ ಹೆಚ್ಚುಕಡಿಮೆ ತಪ್ಪೇ ಮಾಡದಂತೆ ಕಾಣುತ್ತದೆ. ಆಯ್ಕೆಯನ್ನೂ ಪ್ರತಿ ಸಲ ಕಲಿಕೆಯ ಭಾಗದೊಳಗೇ ಮಾಡಿದಾಗ ತಪ್ಪುಗಳು ಹೊರಬರುತ್ತವೆ. ಪ್ರಶ್ನೆಪತ್ರಿಕೆ ನೋಡಿಕೊಂಡು ಪಾಠ ಆರಿಸಿಕೊಂಡ ಹುಡುಗ ಪರೀಕ್ಷೆಯ ದಿನ ಪುಸ್ತಕ ಮುಚ್ಚಿಟ್ಟಿದ್ದ ಎಂದ ಮಾತ್ರಕ್ಕೆ ಅವನ ಅಂಕ ನಂಬುವಂಥದ್ದಾಗುವುದಿಲ್ಲ.

ಹಾಗಾದರೆ ಉಪಾಯ? ಎಷ್ಟು ಪರೀಕ್ಷೆ ಮಾಡಿದ್ದೇವೆ ಎಂಬ ಲೆಕ್ಕ ಗೊತ್ತಿದ್ದರೆ ಗೆರೆಯನ್ನೇ ಬಿಗಿ ಮಾಡಬಹುದು. 0.05ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸುವುದು ಎಲ್ಲಕ್ಕಿಂತ ಸರಳ. ಅದಕ್ಕೆ ಬೊನ್‌ಫೆರೋನಿ ತಿದ್ದುಪಡಿ ಎನ್ನುತ್ತಾರೆ. 50 ಪರೀಕ್ಷೆಗಳಿಗೆ ಹೊಸ ಗೆರೆ 0.001. ಒಂದೇ ಒಂದು ಸುಳ್ಳು ಗೆಲುವಿಗೂ ಅವಕಾಶ ಕೊಡಬಾರದೆಂಬ ಹಟ ಇದರದ್ದು. ಪರೀಕ್ಷೆಗಳು ಸಾವಿರಾರು ಆದಾಗ ಈ ಗೆರೆ ಎಷ್ಟು ಕಠಿಣವಾಗುತ್ತದೆಂದರೆ, ನಿಜವಾದರೂ ಸಣ್ಣದಾದ ಪರಿಣಾಮಗಳು ಸೋತುಹೋಗುತ್ತವೆ. 1995ರಲ್ಲಿ ಇಸ್ರೇಲಿನ ಯೋವ್ ಬೆಂಜಮಿನಿ ಮತ್ತು ಯೋಸೆಫ್ ಹೊಖ್‌ಬರ್ಗ್ ಪ್ರಶ್ನೆಯನ್ನೇ ಬದಲಿಸಿದರು. ಗೆದ್ದವು ಎಂದು ಘೋಷಿಸಿದವುಗಳಲ್ಲಿ ಸುಳ್ಳಿನ ಪಾಲು ಸರಾಸರಿ ಶೇ 5 ಮೀರದಿದ್ದರೆ ಸಾಕು ಎಂದರು. 50 ಪಿ-ಮೌಲ್ಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮೊದಲನೆಯದಕ್ಕೆ 0.001, ಎರಡನೆಯದಕ್ಕೆ 0.002, ಮೂರನೆಯದಕ್ಕೆ 0.003 ಎಂದು ಗೆರೆಯನ್ನು ಮೆಟ್ಟಿಲಿನಂತೆ ಏರಿಸುತ್ತ ಹೋಗಬೇಕು. ತನ್ನ ಮೆಟ್ಟಿಲಿಗಿಂತ ಕೆಳಗಿರುವ ಕೊನೆಯ ಪಿ-ಮೌಲ್ಯ ಯಾವುದೋ, ಅಲ್ಲಿಯವರೆಗಿನವೆಲ್ಲ ಗೆದ್ದಂತೆ. ಜೀನ್‌ಗಳ ಅಧ್ಯಯನದಲ್ಲಿ ಇಂದು ದಿನನಿತ್ಯ ಬಳಕೆಯಲ್ಲಿರುವುದು ಈ ವಿಧಾನ.

ಎರಡೂ ತಿದ್ದುಪಡಿಗಳಿಗೆ ‘50’ ಎಂಬ ಅಂಕಿ ಬೇಕೇಬೇಕು. ಕಷ್ಟ ಇರುವುದೇ ಅಲ್ಲಿ. ವಯಸ್ಸನ್ನು ಗುಂಪು ಮಾಡಿ ನೋಡಿದೆ, ಗುಂಪು ಮಾಡದೆ ನೋಡಿದೆ, ಇಬ್ಬರು ರೋಗಿಗಳನ್ನು ಬಿಟ್ಟು ನೋಡಿದೆ, ಮೂರು ಬಗೆಯ ಮಾಡೆಲ್ ಹಾಕಿ ನೋಡಿದೆ: ಇವನ್ನೆಲ್ಲ ಯಾರೂ ಲೆಕ್ಕ ಇಡುವುದಿಲ್ಲ. ಲೆಕ್ಕ ತಪ್ಪಿದಾಗಲೂ ಕೈಹಿಡಿಯುವ ಒಂದು ಪರೀಕ್ಷೆ ಎಂದರೆ ಫಲದ ಕಾಲಮ್ಮನ್ನು ಇಸ್ಪೀಟು ಎಲೆಗಳಂತೆ ಕಲಸಿಬಿಡುವುದು. ಕಲಸಿದ ಮೇಲೆ ಸಂಬಂಧ ಏನೂ ಉಳಿದಿರುವುದಿಲ್ಲ. ಆಗ ಜರಡಿ ಹಿಡಿಯುವುದರಿಂದ ಹಿಡಿದು ಕೊನೆಯ ಸಮೀಕರಣದವರೆಗೆ ಎಲ್ಲ ಹೆಜ್ಜೆಗಳನ್ನೂ ಮತ್ತೆ ನಡೆಸಬೇಕು. ಇದನ್ನು ಸಾವಿರ ಸಲ ಮಾಡಬೇಕು. ಕಲಸಿದ ಡೇಟಾದಿಂದಲೂ ಪದೇ ಪದೇ ಶೇ 36ರಂಥ ‘ವಿವರಣೆ’ ಸಿಗುತ್ತಿದ್ದರೆ, ಮೊದಲು ಸಿಕ್ಕಿದ್ದು ಹುಡುಕಾಟದ ಫಲವೇ ಹೊರತು ಡೇಟಾದಲ್ಲಿದ್ದ ಸತ್ಯವಲ್ಲ. ಜರಡಿಯ ಹೆಜ್ಜೆಯನ್ನು ಬಿಟ್ಟು ಕೊನೆಯ ಹೆಜ್ಜೆಯನ್ನಷ್ಟೇ ಕಲಸಿ ನೋಡಿದರೆ ಪ್ರಯೋಜನವಿಲ್ಲ. ಬಹಳ ಜನ ಎಡವುವುದು ಅಲ್ಲೇ.

ಈ ಎಚ್ಚರವನ್ನು ವೈದ್ಯರಿಗೆ ಮನದಟ್ಟು ಮಾಡಿಸಲು ಆಕ್ಸ್‌ಫರ್ಡಿನ ಸಂಶೋಧಕರು ಹಿಡಿದ ದಾರಿ ಈಗಲೂ ನೆನೆಯುವಂಥದ್ದು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಐಸಿಸ್-2 ಎಂಬ ಅಧ್ಯಯನದಲ್ಲಿ, ಹೃದಯಾಘಾತದ ಶಂಕೆಯಿಂದ ಆಸ್ಪತ್ರೆ ಸೇರಿದ 17,187 ರೋಗಿಗಳಿದ್ದರು. ಆಸ್ಪಿರಿನ್ ಸಿಕ್ಕವರಲ್ಲಿ ಐದು ವಾರಗಳೊಳಗೆ ಹೃದಯ-ರಕ್ತನಾಳದ ಕಾರಣದಿಂದ ಸತ್ತವರು ಶೇ 9.4, ಸಿಗದವರಲ್ಲಿ ಶೇ 11.8. ಫಲಿತಾಂಶ ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಇಷ್ಟಾದ ಮೇಲೂ ಯಾವ ವಯಸ್ಸಿನವರಿಗೆ, ಯಾವ ಬಗೆಯ ರೋಗಿಗೆ ಹೆಚ್ಚು ಗುಣ ಎಂದು ಒಡೆದು ನೋಡುವ ಆಸೆ ಹುಟ್ಟುವುದು ಸಹಜ. ಸಂಶೋಧಕರು ರೋಗಿಗಳನ್ನು ಹುಟ್ಟಿದ ದಿನಾಂಕದ ಪ್ರಕಾರ ಪಾಶ್ಚಾತ್ಯರ ಹನ್ನೆರಡು ರಾಶಿಗಳಾಗಿಯೂ ಒಡೆದು ಫಲಿತಾಂಶವನ್ನು ಅಚ್ಚು ಹಾಕಿದರು. ಮಿಥುನ ಮತ್ತು ತುಲಾ ರಾಶಿಯವರಲ್ಲಿ ಆಸ್ಪಿರಿನ್ ತೆಗೆದುಕೊಂಡವರ ಸಾವು ಶೇ 9ರಷ್ಟು ಹೆಚ್ಚಿತ್ತು. ಉಳಿದ ಹತ್ತು ರಾಶಿಗಳಲ್ಲಿ ಶೇ 28ರಷ್ಟು ಕಡಿಮೆ. ಹನ್ನೆರಡು ರಾಶಿಗಳಲ್ಲಿ ಎರಡನ್ನು ಆರಿಸಲು 66 ದಾರಿಗಳಿವೆ, ಅವುಗಳಲ್ಲಿ ಅತಿ ಕೆಟ್ಟದಾಗಿ ಕಂಡ ಜೋಡಿ ಇದು. ಗ್ರಹಗತಿಗೆ ಇದರಲ್ಲಿ ಪಾತ್ರವಿಲ್ಲ. ಅದೇ ಪ್ರಬಂಧದಲ್ಲಿ ವಯಸ್ಸು, ರಕ್ತದೊತ್ತಡಗಳ ಪ್ರಕಾರ ಒಡೆದ ಗುಂಪುಗಳೂ ಇದ್ದವು. ಅಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಓದುವ ವೈದ್ಯರ ಕಣ್ಣಿಗೆ ಈ ರಾಶಿಗಳ ಸಾಲೂ ಬೀಳಲಿ ಎಂದೇ ಅದನ್ನು ಸೇರಿಸಲಾಗಿತ್ತು.