ಪ್ರತಿಫಲನ ತಡೆಯುವ ಪರದೆ ಹಾಗೂ ನೇತ್ರ ಪರೀಕ್ಷಾ ವೆಚ್ಚ ಕೋರಿ ಉದ್ಯೋಗದಾತರಿಗೆ ಪತ್ರ

ತಂತ್ರಾಂಶ ನೌಕರರು ಈ ಎರಡು ಕೋರಿಕೆಗಳನ್ನು ಪ್ರತ್ಯೇಕವಾಗಿ ಸಮರ್ಥಿಸತಕ್ಕದ್ದು. ಪರದೆಯು ಪ್ರತಿಫಲನವನ್ನು ತಗ್ಗಿಸುತ್ತದೆಯೇ ಹೊರತು ದೃಷ್ಟಿದೋಷವನ್ನು ಸರಿಪಡಿಸುವುದಿಲ್ಲ.

ಮೊದಲು ಮಾನಿಟರ್ ಆರಿಸಿ, ಎಂದಿನ ಆಸನದಲ್ಲಿ ಕುಳಿತು ನೋಡುವುದು. ಕಿಟಕಿ ಅಥವಾ ದೀಪದ ಬಿಂಬ ಕಂಡಲ್ಲಿ ಮಾನಿಟರನ್ನು ತಿರುಗಿಸುವುದು. ಆಗಲೂ ಬಿಂಬ ಉಳಿದಲ್ಲಿ ಪರದೆ ಕೋರಬಹುದು. ನೇತ್ರ ಪರೀಕ್ಷೆಯ ವೇಳೆ, ಕಣ್ಣಿನಿಂದ ಮಾನಿಟರಿಗಿರುವ ಅಂತರವನ್ನು ಅಳೆದು ವೈದ್ಯರಿಗೆ ತಿಳಿಸುವುದು. ಓದುವ ಕನ್ನಡಕವು ಆ ಅಂತರಕ್ಕೆ ಹೊಂದದಿರಬಹುದು.

ಪತ್ರದ ಮಾದರಿ:

ಮಾನ್ಯರೇ,

ನನ್ನ ಹಿಂಬದಿಯ ಕಿಟಕಿಯ ಬೆಳಕು ಮಧ್ಯಾಹ್ನ 2ರಿಂದ 4 ಗಂಟೆಯವರೆಗೆ ಮಾನಿಟರಿನಲ್ಲಿ ಪ್ರತಿಫಲಿಸುತ್ತಿದೆ. ಮೇಜು ಸ್ಥಿರವಾಗಿರುವುದರಿಂದ ದಿಕ್ಕು ಬದಲಿಸಲಾಗಿಲ್ಲ. ಆದ್ದರಿಂದ 24 ಅಂಗುಲದ ಮಾನಿಟರಿಗೆ ತಕ್ಕ ಪರದೆ ಒದಗಿಸಲು ಹಾಗೂ ನೇತ್ರ ಪರೀಕ್ಷಾ ವೆಚ್ಚ ರೂ. 600 ಮರುಪಾವತಿಸಲು ಕೋರುತ್ತೇನೆ. ವೈದ್ಯರ ವರದಿ ಮತ್ತು ಮೂಲ ರಸೀದಿಯನ್ನು ಲಗತ್ತಿಸಿದೆ.

ರಸೀದಿಯ ನಕಲು ಹಾಗೂ ಪತ್ರದ ಸ್ವೀಕೃತಿಯನ್ನು ಅರ್ಜಿದಾರರು ತಮ್ಮಲ್ಲಿಟ್ಟುಕೊಳ್ಳತಕ್ಕದ್ದು.