ಕೊರೆಯುವುದೋ, ಅರೆಯುವುದೋ?

ಸ್ನಾನದ ಮನೆಯ ಗೋಡೆಗೆ ಕನ್ನಡಿ ತೂಗುಹಾಕಲು ತಾವು ಡ್ರಿಲ್ ಯಂತ್ರ ಹಿಡಿದಿರೆನ್ನಿ. ಮರಕ್ಕೆ ಒಗ್ಗಿದ ವೇಗವೇ ಹೊಳಪಿನ ಟೈಲಿಗೂ ಒಗ್ಗೀತೆಂದು ಬಗೆದರೆ ಮೊದಲು ಮೊನೆ ಜಾರಿ ಗೀರು ಬೀಳುತ್ತದೆ. ಆಮೇಲೆ ಸಣ್ಣದೊಂದು ಸದ್ದು. ನೋಡಿದರೆ ಟೈಲು ಬಿರಿದಿದೆ. ಅದೇ ಬಣ್ಣದ ಮತ್ತೊಂದು ಟೈಲು ಅಂಗಡಿಯಲ್ಲಿ ಸಿಕ್ಕುವುದು ದುರ್ಲಭ.

ಕಾರಣವಿಷ್ಟೆ. ಟೈಲಿನ ಮೇಲಿನ ಹೊಳಪೆಂಬುದು ಗಾಜಿನದೇ ತೆಳು ಪದರ. ಮರವೂ ಉಕ್ಕೂ ಸಿಪ್ಪೆಯಾಗಿ ಸುರುಳಿ ಬಿಚ್ಚುತ್ತವೆ. ಗಾಜಾದರೋ ಪುಡಿಯಾಗಿ ಸವೆಯಬಲ್ಲುದೇ ಹೊರತು ಸುರುಳಿಯಾಗದು. ನಮ್ಮ ನುಡಿಯಲ್ಲಿ ‘ಕೊರೆ’, ‘ಅರೆ’ ಎಂಬ ಎರಡು ಧಾತುಗಳುಂಟು. ಉಕ್ಕನ್ನು ಕೊರೆಯಬೇಕು, ಗಾಜನ್ನು ಅರೆಯಬೇಕು. ಉಳಿದ ಕ್ರಮವೆಲ್ಲ ಇದರಿಂದಲೇ ಹುಟ್ಟುತ್ತದೆ.

ಗೋಡೆಯ ಟೈಲಿಗೆ ಈಟಿಯಂಥ ಮೊನೆಯುಳ್ಳ ಟಂಗ್‌ಸ್ಟನ್ ಕಾರ್ಬೈಡ್ ಬಿಟ್ ತಕ್ಕದ್ದು. ನೆಲಕ್ಕೆ ಹಾಸುವ ಗಟ್ಟಿ ವಿಟ್ರಿಫೈಡ್ ಟೈಲಿಗೆ ಇದು ಸಾಲದು. ವಜ್ರದ ಪುಡಿ ಕೂರಿಸಿದ ಟೊಳ್ಳು ಬಿಟ್ ಬೇಕು. ಗೋಡೆಯೊಳಗೆ ನೀರಿನ ಕೊಳವೆ, ವಿದ್ಯುತ್ತಿನ ತಂತಿ ಇಲ್ಲವೆಂದು ಖಚಿತಪಡಿಸಿಕೊಂಡು, ಕಣ್ಣಿಗೆ ರಕ್ಷಣೆಯ ಕನ್ನಡಕ ತೊಟ್ಟು, ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಿ, ಮೊನೆ ಜಾರದು. ಯಂತ್ರದ ಸುತ್ತಿಗೆ ಹೊಡೆತವನ್ನು ಮರೆಯದೆ ನಿಲ್ಲಿಸಿ.

ಇನ್ನು ವೇಗ. 6 ಮಿ.ಮೀ. ಬಿಟ್ಟಿನ ಸುತ್ತಳತೆ ಸುಮಾರು 19 ಮಿ.ಮೀ. ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಅಂಚು ಒಂದೇ ನಿಮಿಷದಲ್ಲಿ 56 ಮೀಟರು ಉಜ್ಜಿರುತ್ತದೆ! ಆ ಬಿಸಿಗೆ ಅಂಚು ಮೊಂಡಾಗುತ್ತದೆ, ಹೊಳಪು ಸಿಡಿಯುತ್ತದೆ. 500 ಸುತ್ತಾದರೆ 9 ಮೀಟರಿಗೆ ತುಸು ಹೆಚ್ಚು, ಅಷ್ಟು ಸಾಕು. ಒದ್ದೆ ಸ್ಪಂಜಿನಿಂದ ಆಗಾಗ ತಂಪುಮಾಡಿ, ಯಂತ್ರಕ್ಕೆ ಮಾತ್ರ ನೀರು ತಾಗದಿರಲಿ. ನುಣ್ಣನೆಯ ಪುಡಿ ಬರುತ್ತಿದ್ದರೆ ಕೆಲಸ ಸರಿಯಾಗಿದೆ. ಬರಿಯ ಕೀಚಲು ಸದ್ದು ಬಂದು ಪುಡಿ ನಿಂತರೆ ಬಿಟ್ ಮೊಂಡಾಯಿತೆಂದು ತಿಳಿಯಿರಿ. ಆಗ ಬಲ ಹೆಚ್ಚಿಸಿದರೆ ಬಿರುಕೇ ಗತಿ. ಟೈಲು ದಾಟಿದ ಮೇಲೆ ಇಟ್ಟಿಗೆಗೆ ಬೇರೆ ಬಿಟ್ ಹಾಕಿ.

ಗಾಜಿನ ಹಲಗೆಯನ್ನು ಮರದ ಮೇಲೆ ಸಮನಾಗಿ ಮಲಗಿಸಿ, ಗುರುತಿನ ಸುತ್ತ ಮೇಣದ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಅರ್ಧ ದಪ್ಪದವರೆಗೆ ಅರೆದು, ಹೊರಳಿಸಿ, ಇನ್ನೊಂದು ಮಗ್ಗುಲಿನಿಂದ ಮುಗಿಸಿದರೆ ಚಕ್ಕೆ ಏಳದು. ಕಾಯಿಸಿ ಗಡುಸುಗೊಳಿಸಿದ ಗಾಜನ್ನು ಮುಟ್ಟಲೇಬೇಡಿ. ಇಡೀ ಹಲಗೆಯೇ ಚೂರುಚೂರಾದೀತು.

ಗಟ್ಟಿ ಉಕ್ಕಿನ ನಡತೆ ಬೇರೆ. ಅಲ್ಲಿಯೂ ವೇಗ ಕಡಿಮೆಯೇ, ಆದರೆ ಕೈ ಹಗುರವಾಗಬಾರದು. ಅಂಚು ಕಚ್ಚದೆ ಬರಿದೆ ಉಜ್ಜಿದರೆ ಸ್ಟೇನ್‌ಲೆಸ್ ಉಕ್ಕು ಆ ಜಾಗದಲ್ಲಿ ಮತ್ತಷ್ಟು ಗಡುಸಾಗುತ್ತದೆ. ಅದಕ್ಕೆ ಕೋಬಾಲ್ಟ್ ಬೆರೆತ ಬಿಟ್ ಹಾಕಿ, ಎಣ್ಣೆ ಬಿಟ್ಟು, ಎಡೆಬಿಡದೆ ಒತ್ತಬೇಕು. ಸಿಪ್ಪೆ ಸುರುಳಿಯಾಗಿ ಬರಬೇಕು. ಉಕ್ಕಿನ ಮೇಲೆ ಮೊದಲು ಅರವನ್ನು ಆಡಿಸಿ ನೋಡಿ. ಅರವೇ ಜಾರಿದರೆ ಕೋಬಾಲ್ಟ್ ಬಿಟ್ಟೂ ಸೋಲುತ್ತದೆ. ಅದಕ್ಕೆ ಅಪ್ಪಟ ಕಾರ್ಬೈಡಿನ ಬಿಟ್ಟೇ ಆಗಬೇಕು. ಅದು ಕೈ ಅಲುಗಿದರೆ ಮುರಿಯುವುದರಿಂದ, ಅಂಥ ಉಕ್ಕನ್ನು ಭದ್ರವಾದ ಸ್ಟ್ಯಾಂಡಿನ ಡ್ರಿಲ್ಲುಳ್ಳ ಕಾರ್ಖಾನೆಗೆ ಕೊಡುವುದು ಲೇಸು.