ಮೂರು ಗಂಟೆಗೆ ಎಂಬತ್ತು ಅಂಕ

ಎಸ್‌ಎಸ್‌ಎಲ್‌ಸಿ ಗಣಿತದ ಪತ್ರಿಕೆಗೆ 80 ಅಂಕ, ಓದಿಕೊಳ್ಳುವ ಕಾಲು ಗಂಟೆ ಬಿಟ್ಟರೆ 180 ನಿಮಿಷ. ಭಾಗಿಸಿದರೆ ಅಂಕಕ್ಕೆ ಎರಡೂಕಾಲು ನಿಮಿಷ. ಶಾಲೆಯಲ್ಲಿ ಮಾದರಿ ಪತ್ರಿಕೆ ತಯಾರಿಸುವವರು ಈ ಸರಾಸರಿಯನ್ನೇ ನಂಬಿ ಕುಳಿತರೆ ಎಡವುತ್ತಾರೆ.

ಬಹುಆಯ್ಕೆಯ ಎಂಟು ಪ್ರಶ್ನೆಗೆ ಒಂದೊಂದು ನಿಮಿಷ, ಒಂದಂಕದ ಎಂಟಕ್ಕೆ ಒಂದೂವರೆ ಸಾಕು: ಒಟ್ಟು 20. ಎರಡಂಕದ ಎಂಟಕ್ಕೆ ನಾಲ್ಕರಂತೆ 32. ಮೂರಂಕದ ಒಂಬತ್ತಕ್ಕೆ ಏಳರಂತೆ 63. ನಾಲ್ಕಂಕದ ನಾಲ್ಕಕ್ಕೆ ಹತ್ತರಂತೆ 40, ಐದಂಕದ ಒಂದಕ್ಕೆ 12. ಕೂಡಿದರೆ 167, ತಿರುಗಿ ನೋಡಲು 13 ನಿಮಿಷ ಉಳಿಯಿತು.

ಕಾಗದದ ಮೇಲೆ ಸರಿ. ಆದರೆ ನಾಲ್ಕಂಕದ್ದು ನಕ್ಷೆಯ ಲೆಕ್ಕವಾದರೆ? ಎರಡು ಕೋಷ್ಟಕ, ಅಕ್ಷ, ಪ್ರಮಾಣ, ಬಿಂದು, ಗೆರೆ. ಅಳತೆಪಟ್ಟಿ ಹುಡುಕುವುದೇ ಅರ್ಧ ನಿಮಿಷ! ಶಿಕ್ಷಕರು ತಾವೇ ಪೂರ್ತಿ ಬರೆದು ನೋಡಬೇಕು, ಬಾಯಲ್ಲಿ ಬಿಡಿಸಿದರೆ ಆಗದು. ಅವರಿಗೆ ಐದು ನಿಮಿಷ ಹಿಡಿದರೆ ಸಾಧಾರಣ ವಿದ್ಯಾರ್ಥಿಗೆ ಮೂರು ಪಟ್ಟು, ಅಂದರೆ ಹದಿನೈದು. ಇದು ಅಂದಾಜಷ್ಟೇ, ಚುರುಕಾದವರಿಗೆ ಎರಡು ಪಟ್ಟೂ ಸಾಕು. ಏಳು ವರ್ಗಾಂತರಗಳ ಸರಾಸರಿಯೂ ಮೂರಂಕಕ್ಕೆ ಹತ್ತು ನಿಮಿಷ ನುಂಗುತ್ತದೆ. ಹೀಗೆ ಎರಡೇ ಪ್ರಶ್ನೆಯಿಂದ ಉಳಿಕೆ 13ರಿಂದ 5ಕ್ಕೆ ಇಳಿಯಿತು.

ಅಂಕ ಬದಲಿಸಬೇಕಿಲ್ಲ. ವರ್ಗಾಂತರಗಳನ್ನು ಐದಕ್ಕೆ ಇಳಿಸಿ, ನಕ್ಷೆಗೆ ಅಕ್ಷಗಳನ್ನು ಪೂರ್ಣಾಂಕದಲ್ಲೇ ಕಡಿಯುವ ಸಮೀಕರಣ ಕೊಡಿ. ಮುದ್ರಣಕ್ಕೆ ಕೊಡುವ ಮುನ್ನ ಗಡಿಯಾರ ಎದುರಿಟ್ಟು ಒಮ್ಮೆ ಇಡೀ ಪತ್ರಿಕೆ ಬರೆಯಿರಿ; ನಿಮಗೆ ಗಂಟೆ ದಾಟಿದರೆ ಆ ಪತ್ರಿಕೆ ಉದ್ದವಾಯಿತು.